ಹೊಸಬರಿಗೆ ಮೂರು ನಿಮಿಷದ ಸ್ವಾಗತ: ಮಾತಾಡಲಿರುವ ಸೀನಿಯರ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಕಾಲೇಜು ಶುರುವಾಗುವ ಹೊತ್ತಿಗೆ ಯಾರಾದರೂ ಒಬ್ಬ ಮೇಷ್ಟ್ರು ಕಾರಿಡಾರಿನಲ್ಲಿ ನಿಮ್ಮನ್ನು ನಿಲ್ಲಿಸಿ ಹೇಳುತ್ತಾರೆ: "ಫಸ್ಟ್ ಇಯರ್‌ನವರಿಗೆ ಸ್ವಾಗತ ಕಾರ್ಯಕ್ರಮ ಇದೆ, ಸ್ಟೂಡೆಂಟ್ಸ್ ಕಡೆಯಿಂದ ನೀನು ಎರಡು ಮಾತಾಡು." ಆ ಎರಡು ಮಾತನ್ನು ಹೇಗೆ ಸಿದ್ಧ ಮಾಡಿಕೊಳ್ಳಬೇಕು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ತಾಲ್ಲೂಕು ಕೇಂದ್ರದ ಒಂದು ಡಿಗ್ರಿ ಕಾಲೇಜಿನಲ್ಲಿ, ಬಿ.ಕಾಂ. ಎರಡನೇ ವರ್ಷದಲ್ಲಿ ಒಮ್ಮೆ, ಫೈನಲ್ ಇಯರ್‌ನಲ್ಲಿ ಇನ್ನೊಮ್ಮೆ ಈ ಮಾತು ನನ್ನ ಪಾಲಿಗೆ ಬಂತು.

ಮೊದಲನೇ ಸಲ ಒಂಬತ್ತು ನಿಮಿಷ ಮಾತಾಡಿದೆ. "ಜ್ಞಾನ ದೇಗುಲಕ್ಕೆ ಕಾಲಿಟ್ಟಿರುವ ಭಾವಿ ಪ್ರಜೆಗಳೇ" ಎಂದು ಶುರು ಮಾಡಿದ್ದೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಹಿಂದಿನ ಬೆಂಚಿನವರು ಫ್ಯಾನ್ ನೋಡುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಹುಡುಗ ಬಂದು, "ಅಕ್ಕಾ, ಟಾಯ್ಲೆಟ್ ಎಲ್ಲಿದೆ?" ಎಂದು ಕೇಳಿದ. ಒಂಬತ್ತು ನಿಮಿಷದಲ್ಲಿ ಅವನಿಗೆ ಬೇಕಾದ ಒಂದು ಮಾತನ್ನೂ ನಾನು ಹೇಳಿರಲಿಲ್ಲ ಎಂದು ಆಗ ಗೊತ್ತಾಯಿತು. ಮುಂದಿನ ವರ್ಷ ಬೇರೆ ರೀತಿ ತಯಾರಾದೆ. ಆ ತಯಾರಿಯನ್ನೇ ಹಂತ ಹಂತವಾಗಿ ಹೇಳುತ್ತೇನೆ.

ಮೊದಲು: ನಿಮ್ಮ ಮಾತು ಎಲ್ಲಿ ಬರುತ್ತದೆ ಎಂದು ತಿಳಿದುಕೊಳ್ಳಿ

ನಮ್ಮ ಕಾಲೇಜು ಕಾರ್ಯಕ್ರಮಗಳ ಕ್ರಮ ಎಲ್ಲರಿಗೂ ಗೊತ್ತಿರುವುದೇ. ಪ್ರಾರ್ಥನೆ ಅಥವಾ ನಾಡಗೀತೆ, ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿಗಳ ಮಾತು, ಅಧ್ಯಕ್ಷರ ಮಾತು, ವಂದನಾರ್ಪಣೆ. ಇದರಲ್ಲಿ "ಸ್ವಾಗತ" ಅಂತ ಇರುವುದು ವೇದಿಕೆಯ ಗಣ್ಯರಿಗೆ. ಅದನ್ನು ಒಬ್ಬ ಅಧ್ಯಾಪಕರು ಮಾಡುತ್ತಾರೆ, ಒಬ್ಬೊಬ್ಬರ ಹೆಸರು ಹೇಳಿ ಹೂವು ಕೊಡಿಸುತ್ತಾರೆ. ನಿಮ್ಮದು ಬೇರೆ. ನೀವು ಸ್ವಾಗತಿಸಬೇಕಾದವರು ವೇದಿಕೆ ಮೇಲಿಲ್ಲ, ಎದುರಿಗೆ ಕೂತಿದ್ದಾರೆ.

ಈ ಎರಡನ್ನೂ ಕಲಸಿಬಿಡುವುದೇ ಜಾಸ್ತಿ ಆಗುವ ತಪ್ಪು. ಸೀನಿಯರ್ ಎದ್ದು ನಿಂತು ಗಣ್ಯರ ಹೆಸರನ್ನೆಲ್ಲ ಮತ್ತೆ ಮೊದಲಿನಿಂದ ಹೇಳುತ್ತಾನೆ. ಆರು ಜನ ವೇದಿಕೆ ಮೇಲಿದ್ದರೆ ಹುದ್ದೆ, ಪದವಿ ಸೇರಿಸಿ ಹೇಳುವುದಕ್ಕೆ ಒಂದು ನಿಮಿಷ ಬೇಕು. ಮೂರು ನಿಮಿಷದಲ್ಲಿ ಒಂದು ನಿಮಿಷ ಹೋಯಿತಲ್ಲ! ಹಾಗಾಗಿ ಕಾರ್ಯಕ್ರಮ ನಡೆಸುವ ಅಧ್ಯಾಪಕರನ್ನು ಹಿಂದಿನ ದಿನವೇ ಕೇಳಿ: "ಸರ್, ನನ್ನ ಮಾತು ಯಾರಾದ ಮೇಲೆ? ವೇದಿಕೆಯವರಿಗೆ ಒಟ್ಟಿಗೆ ನಮಸ್ಕಾರ ಹೇಳಿದರೆ ಸಾಕಲ್ವಾ?" ಸಾಮಾನ್ಯವಾಗಿ ಸಾಕು ಅನ್ನುತ್ತಾರೆ. ಕೇಳಿಕೊಂಡು ಮಾಡಿದರೆ ಯಾರಿಗೂ ಅಗೌರವ ಆಗುವುದಿಲ್ಲ.

ಇನ್ನೊಂದನ್ನೂ ಕೇಳಿ: ಪ್ರಾಂಶುಪಾಲರು ಏನೇನು ಹೇಳುತ್ತಾರೆ? ಹಾಜರಾತಿ, ಶಿಸ್ತು, ಫಲಿತಾಂಶ, ಎನ್‌ಎಸ್‌ಎಸ್, ಎನ್‌ಸಿಸಿ ಇವೆಲ್ಲ ಅವರ ಮಾತಿನಲ್ಲಿ ಬರುತ್ತವೆ. ಅವನ್ನು ನೀವು ಬಿಡಬಹುದು. ಸೀನಿಯರ್‌ಗೆ ಮಾತ್ರ ಗೊತ್ತಿರುವುದು ನಿಮ್ಮ ಪಾಲಿಗೆ ಉಳಿಯುತ್ತದೆ.

ಅಂದ ಹಾಗೆ, ಪ್ರಿಂಟ್ ಮಾಡಿದ ಆಹ್ವಾನದಲ್ಲಿ ನಿಮ್ಮನ್ನು "ಹಿರಿಯ ವಿದ್ಯಾರ್ಥಿ" ಎಂದು ಹಾಕಿದರೆ ಕಾಲೇಜು ಬಿಟ್ಟು ಹೋದ ಹಳೆಯ ವಿದ್ಯಾರ್ಥಿ ಅಂದುಕೊಳ್ಳುತ್ತಾರೆ. "ಅಂತಿಮ ಬಿ.ಕಾಂ. ವಿದ್ಯಾರ್ಥಿನಿ" ಎಂದು ಹಾಕಿಸಿ. ಮಾತಿನಲ್ಲಿ ಸೀನಿಯರ್ ಅಂದರೆ ಸಾಕು, ಎಲ್ಲರೂ ಅನ್ನುವುದು ಅದನ್ನೇ.

ಎರಡನೆಯದು: ಬರೆಯುವ ಮೊದಲು ಐದಾರು ಹೊಸಬರನ್ನು ಮಾತಾಡಿಸಿ

ಇದನ್ನು ಯಾರೂ ಮಾಡುವುದಿಲ್ಲ. ಆದರೆ ನನ್ನ ಎರಡನೇ ಭಾಷಣ ಉಳಿದದ್ದೇ ಇದರಿಂದ. ಅಡ್ಮಿಷನ್ ಕೌಂಟರ್ ಮುಂದಿನ ಸಾಲಿನಲ್ಲಿ, ಬಸ್‌ ಸ್ಟ್ಯಾಂಡಿನಲ್ಲಿ ಹೊಸಬರು ಸಿಗುತ್ತಾರೆ. "ಏನಪ್ಪಾ, ಏನು ಗೊತ್ತಾಗ್ತಿಲ್ಲ?" ಎಂದು ಕೇಳಿ ಸುಮ್ನೆ ನಿಂತರೆ ಸಾಕು.

ನನಗೆ ಸಿಕ್ಕ ಉತ್ತರಗಳು ಹೀಗಿದ್ದವು. ಒಬ್ಬಳಿಗೆ ಊರಿನ ಬಸ್ ಬರುವುದೇ ಒಂಬತ್ತೂ ಮುಕ್ಕಾಲಿಗೆ, ಮೊದಲ ಪೀರಿಯಡ್ ಒಂಬತ್ತೂವರೆಗೆ. ಇಬ್ಬರಿಗೆ ಸ್ಕಾಲರ್‌ಶಿಪ್ ಅರ್ಜಿಯ ಚಿಂತೆ. ಒಬ್ಬನಿಗೆ ರ‍್ಯಾಗಿಂಗ್ ಭಯ, ಅದನ್ನೂ ಅವನು ನೇರವಾಗಿ ಹೇಳಲಿಲ್ಲ, "ಸೀನಿಯರ್ಸ್ ಹೇಗಕ್ಕಾ ಇಲ್ಲಿ?" ಎಂದ. ಮಿಕ್ಕವರೆಲ್ಲ ಒಂದೇ ಮಾತು ಹೇಳಿದರು: "ಪಿಯುಸಿ ಕನ್ನಡ ಮೀಡಿಯಂ. ಇಲ್ಲಿ ಎಲ್ಲಾ ಇಂಗ್ಲಿಷ್ ಅಂತೆ."

ಭಾಷಣಕ್ಕೆ ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಿ. ಎಲ್ಲವನ್ನೂ ಹೇಳಲು ಹೋದರೆ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ. ಆರಿಸುವಾಗ ಎರಡು ಪ್ರಶ್ನೆ ಹಾಕಿಕೊಳ್ಳಿ. ಇದು ಎದುರಿಗಿರುವ ಹೆಚ್ಚಿನವರ ತೊಂದರೆಯೇ? ಇದನ್ನು ನಾನೇ ಅನುಭವಿಸಿ ದಾಟಿದ್ದೇನೆಯೇ? ಸ್ಕಾಲರ್‌ಶಿಪ್ ದೊಡ್ಡ ವಿಷಯವೇ, ಆದರೆ ಅದಕ್ಕೆ ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಎಂದು ಹತ್ತು ಸಂಗತಿ ಇರುತ್ತವೆ. ಅದು ನೋಟಿಸ್ ಬೋರ್ಡಿಗೆ ಸೇರಿದ್ದು, ಕಿವಿಯಲ್ಲಿ ಕೇಳಿ ನೆನಪಿಡುವಂಥದ್ದಲ್ಲ. ಬಸ್ಸಿನ ತೊಂದರೆ ಒಂದು ದಾರಿಯವರದ್ದು ಮಾತ್ರ. ನಮ್ಮ ವಾಣಿಜ್ಯ ವಿಭಾಗದ ಸಭೆಗೆ ಇಂಗ್ಲಿಷಿನ ಭಯವೇ ಸರಿ ಅನ್ನಿಸಿತು. ನನ್ನದೂ ಅದೇ ಕಥೆ ಆಗಿತ್ತು.

ಇಲ್ಲಿ ಒಂದು ಎಚ್ಚರಿಕೆ. ಕೊನೆಯ ದಿನಾಂಕ, ಶುಲ್ಕ, ನಿಯಮ ಇಂಥದ್ದನ್ನು ಕಚೇರಿಯಲ್ಲಿ ಕೇಳಿ ಖಚಿತ ಮಾಡಿಕೊಳ್ಳದೆ ಮೈಕಿನಲ್ಲಿ ಹೇಳಬೇಡಿ. ಮೊದಲನೇ ಸಲದ ಆ ಭಾಷಣದಲ್ಲಿ ನಾನು ಯಾರೋ ಹೇಳಿದ ಸ್ಕಾಲರ್‌ಶಿಪ್ ದಿನಾಂಕವನ್ನು ಹೇಳಿಬಿಟ್ಟಿದ್ದೆ. ಅದು ತಪ್ಪಾಗಿತ್ತು. ಒಬ್ಬ ಹುಡುಗಿ ನನ್ನ ಮಾತು ನಂಬಿ ಕಾದಳು, ಆಮೇಲೆ ಒಂದು ವಾರ ಕಚೇರಿಗೆ ಅಲೆದಳು. ವೇದಿಕೆಯಿಂದ ಕೇಳಿದ್ದನ್ನು ಹೊಸಬರು ಮತ್ತೆ ಪರೀಕ್ಷಿಸುವುದಿಲ್ಲ. ಹಾಜರಾತಿ ಶೇ. 75 ಇರಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ನೀವು ಹೇಳಲೇಬೇಕಿದ್ದರೆ ಲೆಕ್ಕ ಮಾಡಿ ಹೇಳಿ: ಒಂದು ವಿಷಯಕ್ಕೆ 60 ಕ್ಲಾಸ್ ನಡೆದರೆ 45ಕ್ಕೆ ಇರಬೇಕು. ಶೇಕಡಾವಾರು ಕಿವಿಗೆ ಬಿದ್ದು ಹೋಗುತ್ತದೆ, 45 ಉಳಿಯುತ್ತದೆ.

ಮೂರನೆಯದು: ಬರೆಯುವುದು

ಎಷ್ಟು ಉದ್ದ ಇರಬೇಕು? ರಾಜ್ಯ ಸರ್ಕಾರ 2022ರಲ್ಲಿ ನಾಡಗೀತೆಗೆ ಎರಡೂವರೆ ನಿಮಿಷದ ಅವಧಿ ನಿಗದಿ ಮಾಡಿತು. ಅಷ್ಟು ಹೊತ್ತು ಎಲ್ಲರೂ ಅಲುಗದೆ ನಿಂತಿರುತ್ತೇವೆ. ನಿಮ್ಮ ಮಾತಿಗೂ ಅದನ್ನೇ ಅಳತೆ ಮಾಡಿಕೊಳ್ಳಿ, ಮೂರು ನಿಮಿಷ ದಾಟಬಾರದು. ನಾನು ನಿಧಾನವಾಗಿ ಓದಿದರೆ ಒಂದು ನಿಮಿಷಕ್ಕೆ ಸುಮಾರು 90 ಪದ ಆಗುತ್ತದೆ. ಅಂದರೆ 200ರಿಂದ 240 ಪದ. ರೂಲ್ಡ್ ಹಾಳೆಯ ಒಂದೂವರೆ ಪುಟ, ಅಷ್ಟೇ.

ಮೊದಲ ವಾಕ್ಯ ಎಲ್ಲಿಂದ ಶುರುವಾಗಬೇಕು ಅನ್ನುವುದಕ್ಕೆ ಜಾಸ್ತಿ ಹೊತ್ತು ಕೊಡಿ. "ಶಿಕ್ಷಣ ಎಂದರೆ" ಎಂದು ಶುರು ಮಾಡಿದರೆ ಕೇಳುವವರಿಗೆ ಮುಂದಿನದೆಲ್ಲ ಗೊತ್ತಾಗಿಬಿಡುತ್ತದೆ. ಆ ದಿನ ಬೆಳಿಗ್ಗೆ ಆ ಕ್ಯಾಂಪಸ್ಸಿನಲ್ಲಿ ಅವರು ನೋಡಿದ ಒಂದು ವಸ್ತು, ಒಂದು ಜಾಗದಿಂದ ಶುರು ಮಾಡಿ. ಗೇಟು, ಮೆಟ್ಟಿಲು, ಬೀಗ ಹಾಕಿದ ಬಾಗಿಲು, ಸಿಗದ ರೂಮ್ ನಂಬರ್.

ಕರೆಯುವುದು ಹೇಗೆ? "ಮಕ್ಕಳೇ" ಅನ್ನುವುದು ಮೇಷ್ಟ್ರಿಗೆ ಸರಿ, ನಮಗಲ್ಲ. "ಜೂನಿಯರ್ಸ್" ಅಂದರೆ ಮೇಲೆ ಕೂತು ಕರೆದ ಹಾಗಾಗುತ್ತದೆ. ನಮ್ಮ ಕಡೆ ಹೊಸಬರು ನಮ್ಮನ್ನು ಅಣ್ಣ, ಅಕ್ಕ ಅಂತಲೇ ಕರೆಯುತ್ತಾರೆ. ಹಾಗಾಗಿ "ತಮ್ಮ ತಂಗಿಯರೇ" ಅನ್ನುವುದು ನಾಲಿಗೆಗೂ ಬರುತ್ತದೆ, ಕಿವಿಗೂ ಒಪ್ಪುತ್ತದೆ. ಮಾತೆಲ್ಲ "ನೀವು" ಎಂದೇ ಇರಲಿ.

ನಾನು ಫೈನಲ್ ಇಯರ್‌ನಲ್ಲಿ ಹೇಳಿದ ಮಾತು ಇದು, ಇಡೀ ಬರೆಯುತ್ತೇನೆ.

"ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಪ್ರಾಂಶುಪಾಲರಿಗೆ, ಅತಿಥಿಗಳಿಗೆ, ನಮ್ಮ ಎಲ್ಲ ಅಧ್ಯಾಪಕರಿಗೆ ವಂದನೆಗಳು.

ಹೊಸದಾಗಿ ಬಂದಿರುವ ತಮ್ಮ ತಂಗಿಯರೇ, ಬೆಳಿಗ್ಗೆ ಗೇಟಿನ ಹತ್ತಿರ ನಿಮ್ಮಲ್ಲಿ ಒಬ್ಬರು ನನ್ನನ್ನು ಕೇಳಿದರು, 'ಅಕ್ಕಾ, ರೂಮ್ ನಂಬರ್ 14 ಎಲ್ಲಿ?' ಎಂದು. ಎರಡು ವರ್ಷದ ಹಿಂದೆ ನಾನೂ ಅದೇ ರೂಮ್ ಹುಡುಕಿದ್ದೆ. 13ರ ಪಕ್ಕದಲ್ಲಿ 14 ಇಲ್ಲ. ಅದು ಲೈಬ್ರರಿ ಮೇಲಿದೆ. ಹಿಂದಿನ ಮೆಟ್ಟಿಲು ಹತ್ತಿ ಹೋಗಬೇಕು. ಮಧ್ಯಾಹ್ನ ನಿಮ್ಮ ಮೊದಲ ಕ್ಲಾಸ್ ಅಲ್ಲೇ.

ನಾನು ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವಳು. ಇಲ್ಲಿ ಮೊದಲ ವಾರ ಅಕೌಂಟೆನ್ಸಿ ಕ್ಲಾಸಿನಲ್ಲಿ ಬೋರ್ಡ್ ಮೇಲಿದ್ದದ್ದನ್ನೆಲ್ಲ ಬರೆದುಕೊಂಡೆ. ಅರ್ಥ ಆಗಲಿಲ್ಲ. ಪಕ್ಕದವಳನ್ನು ಕೇಳಿದರೆ ಅವಳಿಗೂ ಆಗಿರಲಿಲ್ಲ. ನಾಲ್ಕನೇ ದಿನ ಮೇಡಂ ಹತ್ತಿರ ಹೋಗಿ, 'ಡಿಪ್ರಿಸಿಯೇಷನ್ ಅಂದರೆ ಏನು ಮೇಡಂ?' ಎಂದೆ. 'ಸವಕಳಿ ಕಣಮ್ಮ. ಹೊಲಿಗೆ ಮಷೀನು ವರ್ಷ ವರ್ಷ ಸವೆದು ಬೆಲೆ ಇಳಿಯುತ್ತಲ್ಲ, ಅದೇ' ಎಂದರು. ಸವಕಳಿ ನನಗೆ ಗೊತ್ತಿತ್ತು! ಪಿಯುಸಿಯಲ್ಲಿ ಲೆಕ್ಕ ಮಾಡಿದ್ದೆ. ಗೊತ್ತಿಲ್ಲದ್ದು ಅದರ ಇಂಗ್ಲಿಷ್ ಹೆಸರು ಮಾತ್ರ.

ಅವತ್ತೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಾಲಂ ಹಾಕಿದೆ. ಒಂದರಲ್ಲಿ ಇಂಗ್ಲಿಷ್ ಪದ, ಇನ್ನೊಂದರಲ್ಲಿ ಕನ್ನಡ ಪದ. ನೀವೂ ಇವತ್ತೇ ಹಾಕಿ. ಪದ ಗೊತ್ತಾಗದಿದ್ದರೆ ಬಂದು ಕೇಳಿ. ದಿನಾ ಒಂದೂವರೆಯಿಂದ ಎರಡರವರೆಗೆ ನಾವು ನಾಲ್ಕು ಜನ ಲೈಬ್ರರಿ ಮುಂದಿನ ಕಟ್ಟೆ ಮೇಲೆ ಇರುತ್ತೇವೆ. ಸುಮ್ನೆ ಬಂದು ಕೂತ್ಕೊಳ್ಳಿ.

ಇನ್ನೊಂದು ಮಾತು. ಇಲ್ಲಿ ಯಾರಾದರೂ ನಿಮ್ಮನ್ನು ಹಾಡು ಅಂತ, ಕುಣಿ ಅಂತ ಬಲವಂತ ಮಾಡಿದರೆ ನೀವು ಮಾಡಬೇಕಾಗಿಲ್ಲ. ನನಗೆ ಹೇಳಿ, ಅಧ್ಯಾಪಕರಿಗೆ ಹೇಳಿ. ನೋಟಿಸ್ ಬೋರ್ಡಿನಲ್ಲಿ ಸಹಾಯವಾಣಿ ನಂಬರ್ ಇದೆ.

ನಿಮಗೆಲ್ಲ ನಮ್ಮ ಕಾಲೇಜಿಗೆ ಸ್ವಾಗತ. ಈಗ 14ರ ಮೆಟ್ಟಿಲ ಹತ್ತಿರ ನಾನೇ ನಿಂತಿರುತ್ತೇನೆ, ಬನ್ನಿ."

ಇದರಲ್ಲಿ ಗಮನಿಸಬೇಕಾದ್ದು ಒಂದೆರಡಿದೆ. "ಹೆದರಬೇಡಿ" ಅನ್ನುವ ಪದ ಎಲ್ಲೂ ಇಲ್ಲ. ಮೊದಲ ಕರಡಿನಲ್ಲಿ ಇತ್ತು. "ಇಂಗ್ಲಿಷಿಗೆ ಹೆದರಬೇಡಿ, ಶ್ರಮ ಪಟ್ಟರೆ ಎಲ್ಲ ಬರುತ್ತೆ" ಎಂದು ಬರೆದಿದ್ದೆ. ಗೆಳತಿಗೆ ಓದಿ ಹೇಳಿದಾಗ ಅವಳು, "ಇದನ್ನ ನಮಗೂ ಹೇಳಿದ್ರು, ಏನು ಉಪಯೋಗ ಆಯ್ತು?" ಎಂದಳು. ಆ ಸಾಲು ತೆಗೆದು ಸವಕಳಿಯ ಪ್ರಸಂಗ ಹಾಕಿದೆ. ಹೆದರಿಕೆ ಯಾವ ಪದದಿಂದ ಬಂತು, ಯಾವ ಪದದಿಂದ ಹೋಯಿತು ಎಂದು ತೋರಿಸಿದರೆ ಕೇಳುವವರು ತಾವೇ ಅರ್ಥ ಮಾಡಿಕೊಳ್ಳುತ್ತಾರೆ.

ಇನ್ನು, ಸಹಾಯ ಮಾಡುತ್ತೇವೆ ಅನ್ನುವಾಗ ಜಾಗ, ಹೊತ್ತು ಎರಡನ್ನೂ ಹೇಳಬೇಕು. "ಯಾವಾಗ ಬೇಕಾದರೂ ಕೇಳಿ" ಅಂದರೆ ಯಾರೂ ಬರುವುದಿಲ್ಲ. ಯಾವಾಗ, ಎಲ್ಲಿ ಎಂದು ಹುಡುಕುವ ಧೈರ್ಯವೇ ಅವರಿಗಿನ್ನೂ ಬಂದಿರುವುದಿಲ್ಲ. ಆದರೆ ಹೇಳುವ ಮೊದಲು ಕಟ್ಟೆ ಮೇಲೆ ಕೂರುವ ಆ ನಾಲ್ಕು ಜನರನ್ನು ಒಪ್ಪಿಸಿಕೊಳ್ಳಿ. ನಾವು ಎರಡು ವಾರ ಎಂದು ಮಾತಾಡಿಕೊಂಡಿದ್ದೆವು.

ನಿಮ್ಮ ಸಭೆಯಲ್ಲಿ ಬಿ.ಎ., ಬಿ.ಎಸ್ಸಿ. ಎಲ್ಲರೂ ಒಟ್ಟಿಗೆ ಇದ್ದರೆ ಡಿಪ್ರಿಸಿಯೇಷನ್ ಉದಾಹರಣೆ ಅರ್ಧ ಜನಕ್ಕೆ ತಾಗುವುದಿಲ್ಲ. ಆಗ ಎಲ್ಲರೂ ಎದುರಿಸುವ ಪದ ಹುಡುಕಿ. ಸೆಮಿಸ್ಟರ್ ಅನ್ನುವುದು ಪಿಯುಸಿಯಿಂದ ಬಂದವರಿಗೆ ಹೊಸದೇ.

ರ‍್ಯಾಗಿಂಗ್ ಬಗ್ಗೆ ಹೇಳುವುದು ಹೇಗೆ

ಇದಕ್ಕೆ ಸ್ವಲ್ಪ ನಿಂತು ಯೋಚಿಸಬೇಕು. ಕೆಲವು ಸೀನಿಯರ್‌ಗಳು ವೇದಿಕೆ ಮೇಲಿಂದಲೇ, "ಆಮೇಲೆ ಹಾಸ್ಟೆಲ್ಲಿಗೆ ಬನ್ನಿ, ನೋಡ್ಕೋತೀವಿ" ಎಂದು ತಮಾಷೆ ಮಾಡುತ್ತಾರೆ. ಗೆಳೆಯರು ನಗುತ್ತಾರೆ. ಎದುರಿಗೆ ಕೂತವನು ಅವತ್ತು ರಾತ್ರಿ ಊಟ ಮಾಡುವುದಿಲ್ಲ. ದಯವಿಟ್ಟು ಈ ತಮಾಷೆ ಬೇಡ.

ಹೊಸಬರನ್ನು ವೇದಿಕೆಗೆ ಎಳೆದು ಹಾಡಿಸುವುದೂ ಬೇಡ. ಯುಜಿಸಿಯ 2009ರ ನಿಯಮಗಳು ಸಾಮಾನ್ಯವಾಗಿ ತಾನು ಮಾಡದ ಕೆಲಸವನ್ನು ವಿದ್ಯಾರ್ಥಿಯಿಂದ ಮಾಡಿಸಿ ನಾಚಿಕೆ, ಮುಜುಗರ ಉಂಟುಮಾಡುವುದನ್ನೂ ರ‍್ಯಾಗಿಂಗ್ ಎಂದೇ ಎಣಿಸುತ್ತವೆ. ಹೊಡೆದರೆ ಮಾತ್ರ ರ‍್ಯಾಗಿಂಗ್ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ತಾನೇ ಕೈ ಎತ್ತಿ ಬಂದವರು ಹಾಡಲಿ, ಸಂತೋಷ.

ಭಾಷಣದಲ್ಲಿ ಈ ವಿಷಯಕ್ಕೆ ಮೂರ್ನಾಲ್ಕು ಸಣ್ಣ ವಾಕ್ಯ ಸಾಕು. ಏನು ಮಾಡಬೇಕಾಗಿಲ್ಲ, ಯಾರಿಗೆ ಹೇಳಬೇಕು. ಶಿಕ್ಷೆ, ಪೊಲೀಸ್, ಕೇಸ್ ಎಂದು ವಿವರಿಸುತ್ತಾ ಹೋದರೆ ಇಲ್ಲದ ಭಯ ಹುಟ್ಟುತ್ತದೆ. ದಿನದ 24 ಗಂಟೆಯೂ ಇರುವ ರಾಷ್ಟ್ರೀಯ ಸಹಾಯವಾಣಿ 1800-180-5522. ಇದನ್ನು ಮೈಕಿನಲ್ಲಿ ಓದಿದರೆ ಯಾರೂ ಬರೆದುಕೊಳ್ಳುವುದಿಲ್ಲ. ದೊಡ್ಡದಾಗಿ ಬರೆದು ನೋಟಿಸ್ ಬೋರ್ಡಿಗೆ ಹಾಕಿ, ಭಾಷಣದಲ್ಲಿ ಬೋರ್ಡನ್ನು ತೋರಿಸಿ. ಬೋರ್ಡಿನಲ್ಲಿ ನಿಜವಾಗಿಯೂ ಇದೆಯೇ ಎಂದು ಹಿಂದಿನ ದಿನ ಹೋಗಿ ನೋಡಿ. ನಮ್ಮಲ್ಲಿ ಹಳೆಯ ಟೈಮ್‌ಟೇಬಲ್ ಅದನ್ನು ಮುಚ್ಚಿತ್ತು, ತೆಗೆಸಿದೆವು.

ನಾಲ್ಕನೆಯದು: ಬಾಯಿಗೆ ಹೊಂದಿಸುವುದು

ಬರೆದದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಕೂತು ಓದಬೇಡಿ, ನಿಂತು ಓದಿ. ನಿಂತಾಗ ಉಸಿರು ಬೇರೆಯೇ ಇರುತ್ತದೆ. ಕೇಳಿಸಿಕೊಳ್ಳುವಾಗ ಪೆನ್ಸಿಲ್ ಹಿಡಿದು, ಎಲ್ಲಿ ಉಸಿರು ಕಟ್ಟಿತೋ ಅಲ್ಲಿ ಗೆರೆ ಹಾಕಿ. ಆ ವಾಕ್ಯವನ್ನು ಎರಡು ಮಾಡಿ. ಎಲ್ಲಿ ನಾಲಿಗೆ ತೊಡರಿತೋ ಅಲ್ಲಿ ಪದ ಬದಲಿಸಿ. ನನಗೆ "ಮಹಾವಿದ್ಯಾಲಯದ ವಿದ್ಯಾರ್ಥಿಜೀವನದಲ್ಲಿ" ಅನ್ನುವಲ್ಲಿ ಪ್ರತಿ ಸಲ ತೊಡರುತ್ತಿತ್ತು. "ಕಾಲೇಜಿನಲ್ಲಿ" ಎಂದು ಮಾಡಿದೆ, ಏನೂ ಕಮ್ಮಿಯಾಗಲಿಲ್ಲ.

ಬಾಯಿಪಾಠ ಮಾಡಬೇಡಿ. ಬಾಯಿಪಾಠ ಮಾಡಿದವರು ಒಂದು ಪದ ಮರೆತರೆ ಮುಂದಿನದೆಲ್ಲ ಮರೆಯುತ್ತಾರೆ. ಮೊದಲ ಎರಡು ವಾಕ್ಯ, ಕೊನೆಯ ವಾಕ್ಯ, ಇಷ್ಟು ಮಾತ್ರ ನೋಡದೆ ಹೇಳುವಷ್ಟು ಬರಲಿ. ಮಧ್ಯಕ್ಕೆ ಅಂಗೈಯಲ್ಲಿ ಹಿಡಿಯುವಷ್ಟು ಒಂದು ರಟ್ಟಿನ ಚೀಟಿ ಸಾಕು. ನನ್ನದರಲ್ಲಿ ಇದ್ದದ್ದು ಐದೇ ಪದ: 14, ಸವಕಳಿ, ಕಾಲಂ, ಕಟ್ಟೆ, ಬೋರ್ಡ್. ಫೋನ್ ನೋಡಿಕೊಂಡು ಓದುವುದು ಬೇಡ. ಸ್ಕ್ರೀನ್ ಆರಿ ಹೋಗುತ್ತದೆ, ನಡುವೆ ಕರೆ ಬರುತ್ತದೆ, ಮುಖ ಕೆಳಗೇ ಇರುತ್ತದೆ. ತೆಳ್ಳನೆ ಹಾಳೆಯೂ ಬೇಡ, ಕೈ ನಡುಗಿದರೆ ಅದರ ಸದ್ದು ಮೈಕಿಗೆ ಹೋಗುತ್ತದೆ.

ಐದನೆಯದು: ಮೈಕಿನ ಮುಂದೆ

ಮೈಕನ್ನು ತಟ್ಟಬೇಡಿ, ಊದಬೇಡಿ. "ಎಲ್ಲರಿಗೂ ನಮಸ್ಕಾರ" ಎಂದು ಹೇಳಿ ಕೊನೆಯ ಬೆಂಚಿನ ಕಡೆ ನೋಡಿ. ಅವರು ತಲೆ ಎತ್ತಿದರೆ ಕೇಳುತ್ತಿದೆ ಎಂದರ್ಥ. ಬಾಯಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರ ಇರಲಿ. ಪ, ಬ, ಭ ಬಂದಾಗ "ಫಟ್" ಅನ್ನುತ್ತಿದ್ದರೆ ಮೈಕನ್ನು ಬಾಯಿಯ ನೇರದಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ. ಮೈಕ್ ಕುಯ್ ಎಂದು ಕೂಗಿದರೆ ನೀವು ಅದರ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದಿರಬಹುದು, ಇಲ್ಲವೇ ಸ್ಪೀಕರ್ ಬಾಕ್ಸಿನ ಮುಂದೆ ನಿಂತಿರಬಹುದು. ಕೈ ಕೆಳಗೆ ಜಾರಿಸಿ, ಬಾಕ್ಸಿನ ಹಿಂದಕ್ಕೆ ಬನ್ನಿ.

ಮಾತು ಹಿಡಿಸುತ್ತಿಲ್ಲ ಎಂದು ಗೊತ್ತಾಗುವುದು ಗದ್ದಲದಿಂದ ಅಲ್ಲ, ಕಾಲಿನಿಂದ. ಬೆಂಚಿನ ಕೆಳಗೆ ಕಾಲು ಅಲುಗಾಡಲು ಶುರುವಾದರೆ, ಬ್ಯಾಗಿನ ಜಿಪ್ ಸದ್ದು ಬಂದರೆ ಮುಗಿಸುವ ಹೊತ್ತು. ಆಗ ದನಿ ಏರಿಸಬೇಡಿ. ಕಥೆಯ ಉಳಿದ ಭಾಗ ಬಿಟ್ಟು ಕಟ್ಟೆಯ ವಿಷಯಕ್ಕೆ ಹೋಗಿಬಿಡಿ.

ಅತಿಥಿಗಳು ತಡವಾಗಿ ಬಂದು, ನಿಮ್ಮ ಮೂರು ನಿಮಿಷವನ್ನು ಒಂದೇ ನಿಮಿಷ ಮಾಡುವುದು ತುಂಬಾ ಸಾಮಾನ್ಯ. ಅದಕ್ಕೂ ಮೊದಲೇ ತಯಾರಿ ಇರಲಿ. ನನ್ನ ಒಂದು ನಿಮಿಷದ ಮಾತು ಹೀಗಿತ್ತು: ನಮಸ್ಕಾರ, 14 ಎಲ್ಲಿದೆ, ಎರಡು ಕಾಲಂ ಹಾಕಿ, ಕಟ್ಟೆಗೆ ಬನ್ನಿ, ಬಲವಂತ ಮಾಡಿದರೆ ಹೇಳಿ, ಸ್ವಾಗತ. ಸವಕಳಿಯ ಕಥೆ ಬಿಡಬೇಕಾಗುತ್ತದೆ, ಬೇಜಾರೇ. ಅದನ್ನು ಕಟ್ಟೆ ಮೇಲೆ ಹೇಳಬಹುದು. ಕರೆಂಟ್ ಹೋದರೆ ವೇದಿಕೆಯಿಂದ ಇಳಿದು ಮೊದಲ ಬೆಂಚಿನ ಮುಂದೆ ನಿಂತು ಮಾತಾಡಿ. ಸಣ್ಣ ಸಭೆಯಾದರೆ ಮೈಕಿಗಿಂತ ಇದೇ ಚೆನ್ನಾಗಿ ತಲುಪುತ್ತದೆ.

ಆರನೆಯದು: ಇಳಿದ ಮೇಲೆ

ಕಾರ್ಯಕ್ರಮ ಮುಗಿದಾಗ ಗೆಳೆಯರ ಜೊತೆ ಫೋಟೊಗೆ ನಿಲ್ಲಬೇಡಿ. ಹೇಳಿದ ಜಾಗಕ್ಕೆ ಹೋಗಿ ನಿಲ್ಲಿ. ನಾನು ಲೈಬ್ರರಿ ಹಿಂದಿನ ಮೆಟ್ಟಿಲ ಹತ್ತಿರ ಹೋದಾಗ ಆಗಲೇ ಹತ್ತು ಹನ್ನೆರಡು ಜನ ಬಂದಿದ್ದರು. ಒಬ್ಬಳು ಕೈಯಲ್ಲಿ ಹೊಸ ನೋಟ್‌ಬುಕ್ ಹಿಡಿದಿದ್ದಳು. ಅದರ ಕೊನೆಯ ಪುಟ ತೆಗೆದು ತೋರಿಸಿದಳು. ಸ್ಕೇಲ್ ಇಲ್ಲದೆ ಕೈಯಲ್ಲೇ ಎಳೆದ ಗೆರೆ, ಸ್ವಲ್ಪ ಸೊಟ್ಟಗಿತ್ತು. ಎಡಗಡೆ ಡಿಪ್ರಿಸಿಯೇಷನ್ ಎಂದು ಕನ್ನಡ ಅಕ್ಷರದಲ್ಲೇ ಬರೆದು, ಬಲಗಡೆ ಸವಕಳಿ ಎಂದು ಬರೆದಿದ್ದಳು. "ಅಕ್ಕಾ, ಇದರ ಸ್ಪೆಲ್ಲಿಂಗ್ ಹೇಳ್ತೀರಾ?" ಎಂದಳು. ಅಲ್ಲೇ ಮೆಟ್ಟಿಲ ಮೇಲೆ ಕೂತು ಬರೆದುಕೊಟ್ಟೆ.